ಹಳೇ ದಿಂಬುಗಳ ಎಣ್ಣೆ ಜಿಡ್ಡು ತೆಗೆಯುವ ಕೆಲಸ: ಇಲ್ಲಿಯವರೆಗೆ ಆಗಿದ್ದು

ಫೆಬ್ರವರಿ 2

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾಗಿದೆ. ಬಿಸಿಲೂ ಚೆನ್ನಾಗಿದೆ. ಈಗ ಬಿಟ್ಟರೆ ಮಳೆಗಾಲ ಬಂದೇ ಬಿಡುತ್ತದೆ ಅಂತ ನಾಲ್ಕು ಹತ್ತಿ ದಿಂಬು, ಅವುಗಳ ಎಂಟು ಕವರ್ ಹೊರಗೆ ಹಾಕಿದೆ.

ಹೋದ ಸಲ ಮಾಡಿದ ತಪ್ಪು ಇನ್ನೂ ಮನಸ್ಸಿನಲ್ಲಿದೆ. ಒಂದು ದಿಂಬನ್ನು ಇಡಿಯಾಗಿ ನೀರಿಗೆ ಹಾಕಿ ತೊಳೆದಿದ್ದೆ. ಐದು ದಿನ ಬಿಸಿಲಿಗಿಟ್ಟರೂ ನಡುವಿನ ಹತ್ತಿ ಒಣಗಲೇ ಇಲ್ಲ. ಬಿಚ್ಚಿ ನೋಡಿದರೆ ಹತ್ತಿ ಉಂಡೆ ಕಟ್ಟಿ, ಮೇಲೆ ಕಪ್ಪು ಚುಕ್ಕೆಯ ಬೂಷ್ಟು ಬಂದಿತ್ತು. ಅದನ್ನು ಎಸೆಯಬೇಕಾಯಿತು. ಹಾಗಾಗಿ ಈ ಸಲ ಕವರ್ ಮತ್ತು ಒಳಚೀಲ ಮಾತ್ರ ತೊಳೆಯುವುದು, ಹತ್ತಿಗೆ ನೀರು ಸೋಕಿಸುವುದಿಲ್ಲ.

ಫೆಬ್ರವರಿ 3

ಮೊದಲು ಕವರ್‌ಗಳು. ತಲೆ ಇಡುವ ಜಾಗದಲ್ಲಿ ಅಂಗೈ ಅಗಲದ ಹಳದಿ ಗುರುತು. ಮುಟ್ಟಿದರೆ ಮೇಣ ಸವರಿದ ಹಾಗೆ ಜಾರುತ್ತದೆ. ಅದು ಬರೀ ಬೆವರಲ್ಲ. ಮೈ ಎಣ್ಣೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಎರಡೂ ನೂಲಿನೊಳಗೆ ಇಳಿದಿವೆ. ಮೈ ಎಣ್ಣೆ ಗಾಳಿ ಸೇರಿ ಹಳತಾದಷ್ಟೂ ಹಳದಿಯಾಗುತ್ತದೆ, ಕಮಟು ವಾಸನೆಯೂ ಅದರಿಂದಲೇ. ತಣ್ಣೀರಿನಲ್ಲಿ ಎಷ್ಟು ಉಜ್ಜಿದರೂ ಮೇಲಿನ ಕೊಳೆ ಹೋಗುತ್ತದೆ, ಎಣ್ಣೆ ಹಾಗೇ ಉಳಿಯುತ್ತದೆ.

ಒಲೆ ಹಚ್ಚಿ ನೀರು ಕಾಯಿಸೋಣ ಅಂತಿದ್ದಾಗ ಅತ್ತೆ, "ಬಚ್ಚಲ ಹಂಡೆ ನೀರು ಸುಮ್ನೆ ತಣ್ಣಗಾಗ್ತಿದೆ, ಅದನ್ನೇ ತಗೋ ಮಾರಾಯ್ತಿ" ಅಂದರು. ಕೈ ಅದ್ದಿ ಇಡಲಾಗದಷ್ಟು ಬಿಸಿ, ಈ ಕೆಲಸಕ್ಕೆ ಸರಿಯಾಗಿತ್ತು. ಹತ್ತು ಲೀಟರ್ ಬಕೆಟ್ಟಿಗೆ ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ, ಒಂದು ಚಮಚ ಬಟ್ಟೆ ಪೌಡರ್. ಅಡುಗೆ ಸೋಡಾ ಬೇರೆ, ಅದು ಸೌಮ್ಯ, ಇಷ್ಟು ಹಳೇ ಜಿಡ್ಡಿಗೆ ಸಾಲದು. ವಾಷಿಂಗ್ ಸೋಡಾದ ಕ್ಷಾರ ಹಳೇ ಎಣ್ಣೆಯ ಒಂದು ಭಾಗವನ್ನು ಸಾಬೂನಿನಂತೆ ಮಾಡುತ್ತದೆ, ಆಮೇಲೆ ಅದು ನೀರಿನ ಜೊತೆ ಹೋಗುತ್ತದೆ. ಹಿಂದೆ ಬೂದಿ ನೀರಲ್ಲಿ ಬಟ್ಟೆ ನೆನೆಸುತ್ತಿದ್ದುದೂ ಇದಕ್ಕೇ ಅಲ್ವಾ. ಚರ್ಮ ಒಣಗುವುದರಿಂದ ಕೈಗವಸು ಹಾಕಿಕೊಂಡೆ.

ಹತ್ತು ನಿಮಿಷಕ್ಕೇ ನೀರು ಚಹಾದ ಬಣ್ಣಕ್ಕೆ ತಿರುಗಿತು. ಒಂದು ಗಂಟೆ ಬಿಟ್ಟು ಹಳದಿ ಜಾಗಕ್ಕೆ ಬಾರ್ ಸೋಪು ಉಜ್ಜಿ, ಮೂರು ನೀರಿನಲ್ಲಿ ಜಾಲಿಸಿದೆ.

ಫೆಬ್ರವರಿ 4

ಒಣಗಿದಾಗ ಎಂಟಕ್ಕೂ ವಾಸನೆ ಇರಲಿಲ್ಲ. ಆದರೆ ಇಲ್ಲಿ ಮೂಗು ಮೋಸ ಹೋಗುತ್ತದೆ. ಬಟ್ಟೆ ತಣ್ಣಗಿರುವಾಗ ಉಳಿದ ಎಣ್ಣೆಯ ವಾಸನೆ ಗೊತ್ತಾಗುವುದಿಲ್ಲ, ತಲೆಯ ಬಿಸಿ ತಾಗಿದಾಗ ಏಳುತ್ತದೆ. ಅದಕ್ಕೆ ಕವರನ್ನು ಮಡಚಿ ಎರಡು ಅಂಗೈ ನಡುವೆ ಒಂದು ನಿಮಿಷ ಒತ್ತಿ ಹಿಡಿದು ಮೂಸಿದೆ. ಮೂರರಲ್ಲಿ ಕಮಟು ಇತ್ತು. ಅವಕ್ಕೆ ಇನ್ನೊಮ್ಮೆ ಬಿಸಿನೀರು, ಸೋಡಾ. ಜಿಡ್ಡು ಉಳಿದಿರುವಾಗ ಇಸ್ತ್ರಿ ಮಾತ್ರ ಹಾಕಬಾರದು, ಹಳದಿ ಗಟ್ಟಿಯಾಗಿ ಕೂತುಬಿಡುತ್ತದೆ.

ಫೆಬ್ರವರಿ 6

ಜಿಡ್ಡು ಹೋಯಿತು, ಎರಡು ಬಿಳಿ ಕವರಿನಲ್ಲಿ ಹಳದಿ ನೆರಳು ಉಳಿಯಿತು. ಅವನ್ನು ಆಕ್ಸಿಜನ್ ಬ್ಲೀಚ್ ಪುಡಿ ಕರಗಿಸಿದ ಬಿಸಿನೀರಿನಲ್ಲಿ ಆರು ಗಂಟೆ ನೆನೆಸಿದೆ. ಮುಚ್ಚಳ ಬಿಗಿಯಾಗಿ ಹಾಕಲಿಲ್ಲ, ಒಳಗೆ ಗಾಳಿ ತುಂಬಿಕೊಳ್ಳುತ್ತದೆ. ಒಂದು ಪೂರ್ತಿ ಬೆಳ್ಳಗಾಯಿತು. ಇನ್ನೊಂದರಲ್ಲಿ ಬೆಳಕಿಗೆ ಹಿಡಿದರೆ ಕಾಣುವಷ್ಟು ಉಳಿದಿದೆ. ಕ್ಲೋರಿನ್ ಬ್ಲೀಚ್ ನಾನು ಬಳಸುವುದಿಲ್ಲ. ಹಿಂದೊಮ್ಮೆ ಬೆವರಿನ ಕಲೆಗೆ ಹಾಕಿ ಅದು ಇನ್ನೂ ಹಳದಿಯಾಗಿತ್ತು, ಬಟ್ಟೆಯೂ ಲಡ್ಡಾಯಿತು.

ಫೆಬ್ರವರಿ 8

ಈಗ ದಿಂಬು. ಒಂದು ಬದಿಯ ಹೊಲಿಗೆ ಬಿಚ್ಚಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮಾಡಬೇಕು, ಧೂಳು ಜಾಸ್ತಿ. ಒಳಚೀಲಕ್ಕೆ ಕವರಿನದೇ ಪಾಠ, ಸೋಡಾ ನೀರು ಎರಡು ಸಲ.

ಹತ್ತಿಯಲ್ಲಿ ತಲೆಯ ಜಾಗದ ಮೇಲ್ಪದರ ಮಾತ್ರ ಹಳದಿಯಾಗಿ ಗಟ್ಟಿ ಕಟ್ಟಿತ್ತು. ಬೆರಳಲ್ಲಿ ಎಳೆದರೆ ಬಿಡಿಸಿಕೊಳ್ಳದೆ ತುಂಡಾಗುತ್ತದೆ. ಅಷ್ಟನ್ನು ತೆಗೆದು ಹಾಕಿದೆ, ಎರಡು ಹಿಡಿಯಷ್ಟಾಯಿತು. ಉಳಿದದ್ದನ್ನು ಕೈಯಿಂದಲೇ ಹಿಂಜಿ ಹಳೇ ಸೀರೆ ಮೇಲೆ ಹರಡಿ, ಗಾಳಿಗೆ ಹಾರದಂತೆ ಸೊಳ್ಳೆ ಪರದೆ ಮುಚ್ಚಿದೆ.

ಫೆಬ್ರವರಿ 11

ಮೂರು ಬಿಸಿಲು ಆಯಿತು. ಬೆಳಗಿನ ಇಬ್ಬನಿಗೆ ಸಿಗದಂತೆ ಸಂಜೆ ನಾಲ್ಕಕ್ಕೇ ಒಳಗೆ ತರುತ್ತಿದ್ದೆ. ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ನೆರಳಿನಲ್ಲಿಟ್ಟು ಒಂದು ಗಂಟೆ ಬಿಟ್ಟು ಕೆನ್ನೆಗೆ ಒತ್ತಿ ನೋಡಿದೆ. ತಣ್ಣಗೆ ತಾಗಿದರೆ ಇನ್ನೂ ಪಸೆ ಇದೆ ಅಂತ ಅರ್ಥ. ಒಂದು ದಿಂಬಿನ ಹತ್ತಿ ತಣ್ಣಗಿತ್ತು, ನಾಳೆ ಮತ್ತೆ ಬಿಸಿಲಿಗೆ. ಉಳಿದ ಮೂರನ್ನು ತುಂಬಿ ಹೊಲಿದೆ.

ಈ ಸಲ ಒಳಚೀಲದ ಮೇಲೆ ಹಳೇ ಕಾಟನ್ ಪಂಚೆಯ ಇನ್ನೊಂದು ಪದರ ಹೊಲಿದಿದ್ದೇನೆ. ಎಣ್ಣೆ ಹತ್ತಿಗೆ ಇಳಿಯುವ ಮೊದಲು ಅದಕ್ಕೆ ಹಿಡಿಯಲಿ, ಹದಿನೈದು ದಿನಕ್ಕೊಮ್ಮೆ ಅದನ್ನೊಂದೇ ಬಿಚ್ಚಿ ಹಂಡೆ ನೀರಿಗೆ ಹಾಕಬಹುದು.