ಆಟಿಕೆ ಅಂಗಡಿಯ ಕರಪತ್ರ: ತಲೆಬರಹ ಕೊನೆಗೂ ಕುದುರಿತು

ಉಡುಪಿಯ ಆಟಿಕೆ ಅಂಗಡಿಯೊಂದಕ್ಕೆ ನಾನು ಬರೆದ ಕರಪತ್ರ ಇವತ್ತು ಮುದ್ರಣಕ್ಕೆ ಹೋಯಿತು. ಕಾಗದ, ಅಳತೆಯದ್ದೇನೂ ತೊಂದರೆಯಿರಲಿಲ್ಲ. ಸತಾಯಿಸಿದ್ದು ತಲೆಬರಹ.

ಅಂಗಡಿಯವರು ಕೇಳಿದ್ದು ‘ಮಗುವಿನ ಕೈಯಿಂದ ಮೊಬೈಲ್ ಬಿಡಿಸಿ’ ಎಂಬ ಸಾಲನ್ನು. ದಿನವಿಡೀ ದಣಿದ ತಾಯಿಗೆ ಅದು ಬೈದ ಹಾಗೆ ಕೇಳಿಸುತ್ತದೆ. ಬೈಸಿಕೊಂಡವರು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಒಂದು ವರ್ಷದ ಮಗುವಿಗೆ ಪರದೆ ಬೇಡ, ಎರಡು ವರ್ಷದ್ದಕ್ಕೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯನ್ನು ಕೆಳಗೆ ಸಣ್ಣಕ್ಷರದಲ್ಲಿ ಹಾಕಿದೆ. ಅದು ಮಾಹಿತಿ, ಕರೆಯಲ್ಲ.

ಸಗಟು ವ್ಯಾಪಾರಿಯ ಪಟ್ಟಿಯಲ್ಲಂತೂ ಎಲ್ಲ ಆಟಿಕೆಗೂ ‘ಬುದ್ಧಿ ಚುರುಕಾಗುತ್ತದೆ’ ಎಂಬ ಒಂದೇ ವರ್ಣನೆ. ಆಧಾರ ಕೇಳಿದರೆ ಉತ್ತರವೇ ಇಲ್ಲ. ಸಾಬೀತು ಮಾಡಲಾಗದ ಮಾತು ನನ್ನ ಕರಪತ್ರದಲ್ಲಿ ಬರುವುದಿಲ್ಲ.

ಗಂಟು ಬಿಚ್ಚಿದ್ದು ಅಂಗಡಿಯಲ್ಲೇ. ಒಂದೂವರೆ ವರ್ಷದ ಮಗುವೊಂದು ಕಂಬಕ್ಕೆ ಪೋಣಿಸುವ ಮರದ ಬಳೆಗಳನ್ನೆಲ್ಲ ಕಿತ್ತು, ಪಕ್ಕದ ಡಬ್ಬಿಗೆ ಒಂದೊಂದಾಗಿ ಹಾಕಿತು, ಸುರಿಯಿತು, ಮತ್ತೆ ಹಾಕಿತು. ಕಂಬದ ಕಡೆ ತಿರುಗಿಯೂ ನೋಡಲಿಲ್ಲ. ತಾಯಿ ಕೇಳಿದ್ದು ಒಂದೇ: “ಇದರಲ್ಲಿ ಎಷ್ಟು ಹೊತ್ತು ಆಡುತ್ತದೆ?” ಅವರಿಗೆ ಬೇಕಿದ್ದದ್ದು ಅಡುಗೆಯ ಹೊತ್ತಿಗೆ ಸ್ವಲ್ಪ ಬಿಡುವು. ಮೊಬೈಲ್ ಮಗುವಿನ ಕೈಗೆ ಹೋಗುವುದೂ ಆ ಹೊತ್ತಿನಲ್ಲೇ.

ತಕ್ಷಣ ಬರೆದೆ: ‘ನೀರುದೋಸೆ ಎರೆದು ಮುಗಿಯುವವರೆಗೆ’. ಲಯ ಚೆನ್ನಾಗಿತ್ತು, ಆದರೆ ಅದು ಭರವಸೆ. ಎರಡನೇ ದೋಸೆ ಏಳುವ ಮೊದಲೇ ಬೇಸರಪಡುವ ಮಕ್ಕಳಿದ್ದಾರೆ. ಆಗ ಅಂಗಡಿಯ ಮಾತು ಸುಳ್ಳಾಗುತ್ತದೆ. ‘ವರೆಗೆ’ ಹೋಗಿ ‘ಆಗ’ ಬಂದ ಮೇಲೆ ಸಾಲು ನಿಂತಿತು:

ನೀವು ನೀರುದೋಸೆ ಎರೆಯುವಾಗ
ಮಗುವಿಗೂ ಒಂದು ಕೆಲಸವಿರಲಿ.
ಹಾಕಲಿ, ಸುರಿಯಲಿ, ಮತ್ತೆ ಹಾಕಲಿ.

ಕೆಳಗೆ ಬಳೆ ಮತ್ತು ಡಬ್ಬಿಯ ಚಿತ್ರ. ‘ಒಲೆಯಿಂದ ದೂರ, ನಿಮ್ಮ ಕಣ್ಣಳತೆಯಲ್ಲಿ ಕೂರಿಸಿ’ ಎಂಬ ಸೂಚನೆ. ಜೊತೆಗೆ ಐಎಸ್‌ಐ ಗುರುತಿನ ಮಾತು. ಆಟಿಕೆಗಳಿಗೆ ಅದು 2021ರ ಜನವರಿ 1ರಿಂದ ಕಡ್ಡಾಯ.

ಮುದ್ರಕರ ಮೇಲೆ ಮಾತ್ರ ಇನ್ನೂ ಸಿಟ್ಟಿದೆ. ಯೂನಿಕೋಡ್ ಪಠ್ಯವನ್ನು ಹಳೆಯ ಅಕ್ಷರ ವಿನ್ಯಾಸಕ್ಕೆ ಸುರಿದು, ‘ವರ್ಷ’ದ ಅರ್ಕಾವತ್ತನ್ನೇ ನುಂಗಿದ್ದರು. ಕರಡಚ್ಚನ್ನು ಗಟ್ಟಿಯಾಗಿ ಓದದೆ ಒಪ್ಪಿಗೆ ಕೊಡಬೇಡಿ.

ಮುಂದಿನದು ತುಳುನಾಡಿನ ಆಟಿ ತಿಂಗಳಿಗೆ ಅಂಗಡಿಯ ಫಲಕ, ಗುಳಿಯಿಂದ ಗುಳಿಗೆ ಬೀಜ ಹಾಕುತ್ತ ಆಡುವ ಚೆನ್ನೆಮಣೆಗಾಗಿ. ಹದಿನಾಲ್ಕು ಗುಳಿ, ಕೆಂಪು ಮಂಜೊಟ್ಟಿ ಬೀಜ: ಚಿತ್ರಕ್ಕೆ ಇದಕ್ಕಿಂತ ಬೇರೆ ಬೇಕೇ? ಆದರೆ ಆ ಬೀಜ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ‘ಮೂರು ವರ್ಷದೊಳಗಿನವರಿಗೆ ಅಲ್ಲ’ ಎಂಬುದನ್ನು ಮೂಲೆಗೆ ತಳ್ಳದೆ ತಲೆಬರಹದೊಳಗೇ ತರಬೇಕು. ‘ಅಣ್ಣ ಅಕ್ಕಂದಿರಿಗೆ ಚೆನ್ನೆ, ತಮ್ಮ ತಂಗಿಯರಿಗೆ ಬಳೆ’ ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ.