ಕಪ್ಪು ಮೊಮ್ಮಗಳ ಕಥೆಗೆ ಘಟನೆ ಬೇಡ

“ಮೇಡಂ, ಬಿಳಿ ಬಣ್ಣವೇ ಚೆಂದ ಅನ್ನೋ ಒಬ್ಬ ಅಜ್ಜಿ, ಕಪ್ಪು ಮೊಮ್ಮಗಳು ಹುಟ್ಟಿದ ಮೇಲೆ ಬದಲಾಗ್ತಾಳೆ ಅಂತ ಕಥೆ ಬರೀತಿದ್ದೀನಿ. ಅಜ್ಜಿ ಮನಸ್ಸು ಬದಲಾಯಿಸೋಕೆ ಯಾವ ಘಟನೆ ಹಾಕಲಿ?”

ಯಾವುದನ್ನೂ ಹಾಕಬೇಡಿ. ಹಾಗೆ ಕೇಳುವುದನ್ನೂ ಬಿಡಿ. ಸಾರಿಗೆ ಉಪ್ಪು ಹಾಕಿದ ಹಾಗೆ ಕಥೆಗೆ ಘಟನೆ ಹಾಕಿದರೆ ಅಜ್ಜಿ ಬದಲಾಗುವುದಿಲ್ಲ. ನೀವು ಅವಳನ್ನು ಬದಲಾಯಿಸಿರುತ್ತೀರಿ, ಅಷ್ಟೇ. ಓದುವವರಿಗೆ ಅದು ಎರಡನೇ ಪುಟದಲ್ಲೇ ಗೊತ್ತಾಗಿಬಿಡುತ್ತದೆ.

ಈ ವಸ್ತುವಿನ ಮೇಲೆ ಬರುವ ಕಥೆಗಳಲ್ಲಿ ಘಟನೆ ಯಾವುದಿರುತ್ತದೆ ಎಂದು ಓದುವ ಮುಂಚೆಯೇ ಹೇಳಬಹುದು. ಮೊಮ್ಮಗಳು ಶಾಲೆಗೇ ಮೊದಲ ರ‍್ಯಾಂಕ್ ಬರುತ್ತಾಳೆ. ಇಲ್ಲವೇ ಡಾಕ್ಟರಾಗಿ ಬಂದು ಅಜ್ಜಿಯ ಜೀವ ಉಳಿಸುತ್ತಾಳೆ. ಇಲ್ಲವೇ ಬೆಳ್ಳಗಿರುವ ಇನ್ನೊಬ್ಬ ಮೊಮ್ಮಗಳು ಕೈಬಿಟ್ಟಾಗ ಈ ಕಪ್ಪು ಹುಡುಗಿಯೇ ಅಜ್ಜಿಗೆ ಗಂಜಿ ಕುಡಿಸುತ್ತಾಳೆ. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಕಥೆ ಹೇಳುವುದು ಬೇರೆಯೇ: ಕಪ್ಪಗೆ ಹುಟ್ಟಿದ್ದು ಒಂದು ಸಾಲ, ಆ ಸಾಲವನ್ನು ಹುಡುಗಿ ಅಂಕ ತಂದು, ಸೇವೆ ಮಾಡಿ ತೀರಿಸಬೇಕು. ತೀರಿಸಿದ ದಿನ ಅಜ್ಜಿ ಮೆಚ್ಚುತ್ತಾಳೆ. ಹಾಗಾದರೆ ಸಾಧಾರಣ ಓದಿನ, ಸ್ವಲ್ಪ ಹಟಮಾರಿಯಾದ, ಯಾರ ಜೀವವನ್ನೂ ಉಳಿಸದ ಕಪ್ಪು ಹುಡುಗಿಯ ಗತಿಯೇನು? ಅವಳ ಅಜ್ಜಿ ಬದಲಾಗಬೇಕಾಗಿಲ್ಲವೇ? ಈ ಪ್ರಶ್ನೆ ಕೇಳಿದರೆ ಬರೆದವರಿಗೆ ಬೇಜಾರಾಗುತ್ತದೆ. ಆಗಲಿ.

ಅದಕ್ಕೇ ನನ್ನದು ಒಂದೇ ಸಲಹೆ. ಕಥೆಯನ್ನು ಮಗುವಿನ ಮೊದಲ ಮೂರು ತಿಂಗಳೊಳಗೆ ಮುಗಿಸಿ. ಆ ವಯಸ್ಸಿನ ಮಗು ಏನನ್ನೂ ಸಾಧಿಸಲಾರದು, ಯಾರನ್ನೂ ಮೆಚ್ಚಿಸಲಾರದು. ಹಾಲು ಕುಡಿಯುತ್ತದೆ, ಅಳುತ್ತದೆ, ಬಟ್ಟೆ ಒದ್ದೆ ಮಾಡುತ್ತದೆ. ಬದಲಾಗುವ ಕೆಲಸ ಪೂರ್ತಿ ಅಜ್ಜಿಯ ಪಾಲಿಗೆ ಬರುತ್ತದೆ. ಮೇಲಾಗಿ ಆ ಮೂರು ತಿಂಗಳಲ್ಲಿ ಮಗುವಿನ ಮೈಬಣ್ಣವೇ ನಿಂತಲ್ಲಿ ನಿಲ್ಲುವುದಿಲ್ಲ. ಕಥೆಗೆ ಬೇಕಾದದ್ದೆಲ್ಲ ಅಲ್ಲೇ ಸಿಗುತ್ತದೆ.

ನಿಮ್ಮ ಕರಡಿನ ಮೊದಲ ತಪ್ಪು ಮೊದಲ ಸಾಲಿನಲ್ಲೇ ಇರುತ್ತದೆ: “ಇದ್ದಿಲಿನಂಥ ಮಗುವನ್ನು ಕಂಡು ಅಜ್ಜಿ ಮುಖ ತಿರುಗಿಸಿದಳು.” ಆಗತಾನೆ ಹುಟ್ಟಿದ ಮಗು ಸಾಮಾನ್ಯವಾಗಿ ಹಾಗೆ ಕಾಣುವುದಿಲ್ಲ. ಮುಂದೆ ಎಷ್ಟು ಕಪ್ಪಾಗುವ ಮಗುವೇ ಆದರೂ ಹುಟ್ಟಿದಾಗ ಮೈ ಕೆಂಪು ಕೆಂಪಾಗಿ, ಮುಂದಿನ ಬಣ್ಣಕ್ಕಿಂತ ತಿಳಿಯಾಗಿ ಇರುವುದೇ ಹೆಚ್ಚು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಪೂರ್ತಿ ತಯಾರಾಗುವುದಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಮುಂದಿನ ಬಣ್ಣದ ಸುಳಿವು ಸಿಗುವುದು ಕಿವಿಯ ಅಂಚಿನಲ್ಲಿ, ಉಗುರಿನ ಬುಡದಲ್ಲಿ. ಬಾಣಂತಿ ಕೋಣೆಗೆ ಬಂದ ಹಿರಿಯ ಹೆಂಗಸರು ಮಗುವಿನ ಕಿವಿ ಮಡಚಿ ನೋಡುವುದು ಇದಕ್ಕೇ. ಹಾಗಾಗಿ ನಿಮ್ಮ ಅಜ್ಜಿ ಮೊದಲ ದಿನ ಮುಖ ತಿರುಗಿಸುವುದಿಲ್ಲ. ಖುಷಿಪಡುತ್ತಾಳೆ. “ನಮ್ಮ ಕಡೆ ಬಣ್ಣ ಬಂದಿದೆ” ಎಂದು ಫೋನಿನಲ್ಲಿ ನಾಲ್ಕು ಜನಕ್ಕೆ ಹೇಳುತ್ತಾಳೆ. ಕಿವಿ ನೋಡಿದ ಪಕ್ಕದ ಮನೆಯಾಕೆ ಮಾತ್ರ ಸುಮ್ಮನಿರುತ್ತಾಳೆ. ನಿರಾಸೆ ಒಂದೇ ಏಟಿಗೆ ಬಂದರೆ ಅಜ್ಜಿ ಬರೀ ಕೆಟ್ಟವಳಾಗುತ್ತಾಳೆ. ದಿನದಿನಕ್ಕೆ ಇಷ್ಟಿಷ್ಟೇ ಬಂದರೆ ಅವಳು ಮನುಷ್ಯಳಾಗುತ್ತಾಳೆ.

ಈಗ ನಾಲ್ಕನೇ ದಿನ. ಇಡೀ ಕಥೆಯಲ್ಲಿ ಅತಿ ಹೆಚ್ಚು ಎಚ್ಚರದಿಂದ ಬರೆಯಬೇಕಾದ ಜಾಗ ಇದು.

ಹೆಚ್ಚಿನ ಎಳೆಕೂಸುಗಳಿಗೆ ಎರಡು ಮೂರನೇ ದಿನಕ್ಕೆ ಸ್ವಲ್ಪ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಹಳೆಯ ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಬೇಗ ಹೊರಹಾಕುವಷ್ಟು ಮಗುವಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲ. ಹಳದಿ ಮೊದಲು ಮುಖಕ್ಕೆ ಬಂದು, ಆಮೇಲೆ ಎದೆಗೆ, ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಕೆಲವು ಮಕ್ಕಳಿಗೆ ಮಾತ್ರ ಮಿತಿ ಮೀರುತ್ತದೆ. ಕಪ್ಪು ಚರ್ಮದಲ್ಲಿ ಈ ಹಳದಿ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಬೆಳಕಿರುವ ಕಡೆ ಕೂತು ಕಣ್ಣಿನ ಬಿಳಿಭಾಗ, ಒಸಡು ನೋಡಬೇಕು. ಹಣೆಯನ್ನೋ ಎದೆಯನ್ನೋ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಆ ಜಾಗ ಯಾವ ಬಣ್ಣಕ್ಕಿದೆ ಎಂದು ಗಮನಿಸಬೇಕು. ಅನುಮಾನ ಬಂದರೆ ರಕ್ತಪರೀಕ್ಷೆಯೇ ದಾರಿ.

ಬಣ್ಣದ ವಿಷಯದಲ್ಲಿ ತನ್ನ ಕಣ್ಣೇ ಕಣ್ಣು ಅಂದುಕೊಂಡಿರುವ ನಿಮ್ಮ ಅಜ್ಜಿ ನಾಲ್ಕನೇ ದಿನ ಏನು ನೋಡುತ್ತಾಳೆ? ಹೀಗೆ ಬರೆಯಬಹುದು:

“ಅಜ್ಜಿ ಕೂಸನ್ನು ಕಿಟಕಿಯ ಹತ್ತಿರ ತಂದಳು. ಮುಖಕ್ಕೆ ಹೊನ್ನಿನ ಕಳೆ ಬಂದಿತ್ತು. ‘ನೋಡೇ, ಹೇಗೆ ತಿಳಿಯಾಗ್ತಿದ್ದಾಳೆ ನನ್ನ ಕೂಸು. ನಾನು ಹೇಳಿರಲಿಲ್ವಾ?’ ಸೊಸೆ ಮಲಗಿದ್ದಲ್ಲಿಂದಲೇ ‘ಬೆಳಗ್ಗಿಂದ ಸರಿಯಾಗಿ ಹಾಲೇ ಕುಡಿದಿಲ್ಲ ಅತ್ತೆ, ಎಬ್ಬಿಸಿದ್ರೂ ಏಳ್ತಿಲ್ಲ’ ಅಂದಳು. ‘ಮಲಗಲಿ ಬಿಡು. ನಿದ್ದೆ ಮಾಡಿದ್ರೆ ಮೈ ಕಳೆ ಬರುತ್ತೆ.’”

ಇಲ್ಲಿ ಯಾರೂ ಕಾಮಾಲೆ ಎಂಬ ಮಾತು ಆಡುವುದಿಲ್ಲ. ಹಾಲು ಬಿಟ್ಟು ಮಂಕಾಗಿ ಮಲಗುವುದು ಅಪಾಯದ ಗುರುತು ಎಂದು ಗೊತ್ತಿರುವ ಓದುಗರ ಎದೆ ಇಷ್ಟಕ್ಕೇ ಹೊಡೆದುಕೊಳ್ಳುತ್ತದೆ. ಗೊತ್ತಿಲ್ಲದವರಿಗೆ ಮುಂದಿನ ಪುಟದಲ್ಲಿ ನರ್ಸ್ ಹಣೆ ಒತ್ತಿ ನೋಡಿದಾಗ ಗೊತ್ತಾಗುತ್ತದೆ. ಅಜ್ಜಿ ಯಾವ ಬಣ್ಣಕ್ಕೆ ಹಿಗ್ಗಿದಳೋ ಆ ಬಣ್ಣವೇ ಕಾಯಿಲೆ.

ಆಸ್ಪತ್ರೆಯ ಭಾಗವನ್ನು ಹಿಗ್ಗಿಸಬೇಡಿ. ಮಗುವನ್ನು ಸಾವಿನ ಬಾಗಿಲಿಗೆ ಒಯ್ದು ತಂದರೆ ಮತ್ತೆ ಘಟನೆ ಹಾಕಿದ ಹಾಗೇ ಆಗುತ್ತದೆ, ಅಜ್ಜಿ ಹೆದರಿಕೆಯಿಂದ ಬದಲಾದಂತಾಗುತ್ತದೆ. ಹೊತ್ತಿಗೆ ಸರಿಯಾಗಿ ತೋರಿಸಿದರು, ರಕ್ತಪರೀಕ್ಷೆ ಮಾಡಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು, ಒಂದೆರಡು ದಿನಕ್ಕೆ ಇಳಿಯಿತು. ಸಾಕು. ಆದರೆ ವಿವರ ತಪ್ಪಬಾರದು. ಮಗುವಿಗೆ ಡೈಪರ್ ಬಿಟ್ಟು ಬೇರೆ ಬಟ್ಟೆ ಇರುವುದಿಲ್ಲ, ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ. ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಬೇಕು, ಯಾಕೆಂದರೆ ಬೆಳಕು ಬದಲಾಯಿಸಿದ ಬಿಲಿರುಬಿನ್ ಮಲಮೂತ್ರದಲ್ಲೇ ಹೊರಹೋಗಬೇಕು. ಬೆಳಗಿನ ಬಿಸಿಲಿಗೆ ಹಿಡಿದು ವಾಸಿಮಾಡಿದರು ಎಂದು ಬರೆಯಬೇಡಿ. ಹೆಚ್ಚಾದ ಕಾಮಾಲೆಗೆ ಬಿಸಿಲನ್ನು ನಂಬಿ ಕೂರುವಂತಿಲ್ಲ. ನಿಮ್ಮ ಕಥೆ ಓದಿದ ತಾಯಿಯೊಬ್ಬಳು ಹಾಗೆ ಮಾಡಿದರೆ ಮಗುವಿಗೆ ಅಪಾಯ.

ಅಜ್ಜಿಯ ಮನಸ್ಸು ಮೊದಲ ಸಲ ಅಲುಗುವುದು ಇಲ್ಲೇ, ಅದೂ ಅವಳಿಗೇ ಗೊತ್ತಾಗದ ಹಾಗೆ. ಮನೆಗೆ ಬಂದ ಮೇಲೆ ಅವಳು ದಿನವೂ ಬೆಳಿಗ್ಗೆ ಕೂಸನ್ನು ಅದೇ ಕಿಟಕಿಗೆ ಒಯ್ಯುತ್ತಾಳೆ. ರೆಪ್ಪೆ ಬಿಡಿಸಿ ಕಣ್ಣು ನೋಡುತ್ತಾಳೆ, ಹಣೆ ಒತ್ತುತ್ತಾಳೆ. ಹಳದಿ ಹೋಗಿದೆಯೇ? ಮೈ ತನ್ನ ಬಣ್ಣಕ್ಕೆ ಮರಳಿದೆಯೇ? ಮೊನ್ನೆ ತಿಳಿಯಾಗಲಿ ಎಂದು ಹಾರೈಸಿದ್ದವಳು ಇವತ್ತು ಕಂದು ಬಣ್ಣ ಮೂಡುವುದು ಕಂಡಾಗ ಉಸಿರು ಬಿಡುತ್ತಾಳೆ. ಈ ಮಾತನ್ನು ಅವಳ ಬಾಯಲ್ಲಿ ಹೇಳಿಸಬೇಡಿ. ನೋಡುವುದನ್ನಷ್ಟೇ ಬರೆಯಿರಿ.

ಇಲ್ಲಿಗೇ ಅವಳು ಬದಲಾದಳು ಎಂದುಕೊಂಡರೆ ಕಥೆ ಕೆಡುತ್ತದೆ. ಎಪ್ಪತ್ತು ವರ್ಷದ ಅಭ್ಯಾಸ ಒಂದು ವಾರಕ್ಕೆ ಹೋಗುವುದಿಲ್ಲ. ಎರಡನೇ ತಿಂಗಳಲ್ಲಿ ಬಣ್ಣ ಇನ್ನಷ್ಟು ಗಟ್ಟಿಯಾದಾಗ ಅವಳ ಕೈ ಮತ್ತೆ ಕಡಲೆಹಿಟ್ಟಿನ ಡಬ್ಬಕ್ಕೆ ಹೋಗಲಿ. ನೀರು ಹಾಕುವಾಗ ಕಾಲಮೇಲೆ ಮಲಗಿಸಿಕೊಂಡು ಹಿಟ್ಟು ಹಚ್ಚಿ ಉಜ್ಜಲಿ. ಉಜ್ಜಿದರೆ ಬಣ್ಣ ಬಿಡುತ್ತದೆ, ಭುಜದ ಮೇಲಿನ ಕೂದಲು ಉದುರುತ್ತದೆ ಎಂಬ ನಂಬಿಕೆ ಅವಳದು. ಆ ನವಿರು ಕೂದಲು ಹೇಗಿದ್ದರೂ ತಾನಾಗಿಯೇ ಉದುರುವಂಥದ್ದು. ಬಣ್ಣವಂತೂ ಉಜ್ಜಿ ತೆಗೆಯುವ ಪದರದಲ್ಲಿ ಇಲ್ಲ. ಅದನ್ನು ತಯಾರಿಸುವ ಜೀವಕೋಶಗಳು ಹೊರಚರ್ಮದ ತಳದಲ್ಲಿವೆ, ಇವತ್ತು ಉಜ್ಜಿದರೂ ನಾಳೆ ಮತ್ತೆ ತಯಾರಿಸುತ್ತವೆ. ಎಳೆಚರ್ಮ ತೆಳು, ತರಿಹಿಟ್ಟಿಗೆ ಕೆಂಪೇಳುತ್ತದೆ, ಕತ್ತಿನ ಮಡಿಕೆಯಲ್ಲಿ ಗುಳ್ಳೆಯೇಳುತ್ತದೆ. ಕಪ್ಪು ಚರ್ಮದಲ್ಲಿ ಉರಿಯೂತ ಆರಿದ ಜಾಗ ಸುತ್ತಲಿಗಿಂತ ಹೆಚ್ಚು ಕಪ್ಪಾಗಿ ಉಳಿಯುವುದುಂಟು. ಬೆಳ್ಳಗೆ ಮಾಡಲು ಹೊರಟ ಕೈಯೇ ಮಗುವಿನ ಕತ್ತಿನ ಮೇಲೆ ಕಪ್ಪು ಕಲೆ ಬಿಟ್ಟಿದೆ. ಅದನ್ನು ಮೊದಲು ಕಾಣುವವಳು ಅಜ್ಜಿಯೇ ಆಗಿರಲಿ. ಮಾರನೇ ದಿನ ಹಿಟ್ಟಿನ ಡಬ್ಬ ಬಚ್ಚಲಿಗೆ ಬರುವುದಿಲ್ಲ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ವಿವರ ಬೇಕೇ ಬೇಕು ಅನ್ನುವವರಿಗೆ ದೃಷ್ಟಿಬೊಟ್ಟು ಇದೆ. ಮೊದಲ ತಿಂಗಳು ಅಜ್ಜಿ ಬೊಟ್ಟು ಇಡುವುದೇ ಇಲ್ಲ. ಈ ಬಣ್ಣಕ್ಕೆ ಯಾರ ಕಣ್ಣು ಬೀಳುತ್ತದೆ ಎಂಬುದು ಅವಳ ಲೆಕ್ಕ. ಮೂರನೇ ತಿಂಗಳು ಮಗುವನ್ನು ಹೊರಗೆ ಕರೆದುಕೊಂಡು ಹೋಗುವಾಗ ತಾನಾಗಿಯೇ ಕಾಡಿಗೆ ತಂದು ಕೆನ್ನೆಗೆ ಇಡುತ್ತಾಳೆ. ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿ.

ಇಷ್ಟೆಲ್ಲ ಹೇಳಿದರೂ ಯಾರೂ ಕೇಳದ ಪ್ರಶ್ನೆಯೊಂದು ಉಳಿದೇ ಇದೆ. ನನಗೆ ಬೇಕಾಗಿರುವುದು ಅದೇ. ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡಳು, ಸರಿ. ಸೊಸೆಯ ಕಥೆ ಏನು?

ಮಗುವಿನ ಬಣ್ಣ ಎಲ್ಲಿಂದಲೋ ಬರುವುದಿಲ್ಲ. ತಾಯಿ ತಂದೆ ಇಬ್ಬರ ಅನೇಕ ಜೀನುಗಳು ಸೇರಿ ಬರುತ್ತದೆ, ಹಾಗಾಗಿ ತಂದೆಯ ಪಾಲೂ ಇದೆ. ಆದರೂ ಮನೆಯಲ್ಲಿ ಮಾತು ಬೀಳುವುದು ತಾಯಿಯ ಮೇಲೆ. ಮದುವೆಯ ಮಾತುಕತೆಯಲ್ಲಿ “ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ” ಅನ್ನಿಸಿಕೊಂಡವಳು ಅವಳು. ಬಸುರಿಯಾದಾಗ ಮಗು ಬೆಳ್ಳಗಾಗಲಿ ಎಂದು ಕೇಸರಿ ಹಾಲು ಕುಡಿದವಳು ಅವಳು. ಕೇಸರಿಗೂ ಹೊಟ್ಟೆಯಲ್ಲಿರುವ ಮಗುವಿನ ಬಣ್ಣಕ್ಕೂ ಸಂಬಂಧವಿಲ್ಲ, ಆದರೆ ಲೋಟ ಕೈಗೆ ಕೊಟ್ಟಾಗಲೆಲ್ಲ “ನಿನ್ನ ಹಾಗಾಗದಿರಲಿ” ಎಂಬ ಮಾತು ಅದರ ಜೊತೆಗೇ ಇತ್ತು. ರಕ್ತಸಂಬಂಧದ ಕೂಸನ್ನು ಪ್ರೀತಿಸುವುದು ಅಜ್ಜಿಗೆ ಕಷ್ಟವಲ್ಲ. ಅದೇ ಬಣ್ಣದ ಸೊಸೆಯ ಮುಖ ನೋಡಿ ಮಾತಾಡುವುದು ಕಷ್ಟ. ನಿಮ್ಮ ಕಥೆ ಅಲ್ಲಿಯವರೆಗೆ ಹೋಗದಿದ್ದರೆ ಅಜ್ಜಿ ಬದಲಾಗಿಲ್ಲ, ಮೊಮ್ಮಗಳೊಬ್ಬಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದಾಳೆ.

ಅದಕ್ಕೇ ಕಥೆಯನ್ನು ಸೊಸೆಯ ಕಣ್ಣಿನಿಂದ ಹೇಳಿ ಎನ್ನುತ್ತೇನೆ. ಹಿಟ್ಟಿನ ಡಬ್ಬ ಬಾರದ ಬೆಳಗನ್ನು ನೋಡುವವಳು ಅವಳು. ಅವಳಿಗೆ ಖುಷಿಯೂ ಆಗಲಿ, ಸಿಟ್ಟೂ ಬರಲಿ. ತನಗೆ ಇಷ್ಟು ವರ್ಷ ಸಿಗದ ಕಣ್ಣು ಮಗಳಿಗೆ ಮೂರು ತಿಂಗಳಲ್ಲಿ ಸಿಕ್ಕಿದ್ದಕ್ಕೆ ಹೊಟ್ಟೆ ಉರಿಯಲಿ. ಅಜ್ಜಿಯಿಂದ ಕ್ಷಮೆ ಕೇಳಿಸಬೇಡಿ. ನಮ್ಮ ಮನೆಗಳಲ್ಲಿ ಅತ್ತೆಯಂದಿರು ಹಾಗೆ ಕೇಳುವುದು ಅಪರೂಪ. ಬೇಕಾದರೆ ನೆಂಟರಾಕೆಯೊಬ್ಬಳು ಬಂದು “ಅಮ್ಮನ ಬಣ್ಣವೇ ಬಂದುಬಿಡ್ತಲ್ಲ ಪಾಪ” ಅಂದಾಗ ಅಜ್ಜಿ “ಬರಲಿ ಬಿಡಮ್ಮ, ಅವಳಿಗೇನಾಗಿದೆ?” ಎಂದು ಕೇಳಲಿ. ಆ “ಅವಳು” ಮಗುವೋ ಸೊಸೆಯೋ ಎಂದು ನೀವು ಬಿಡಿಸಿ ಹೇಳಬೇಡಿ.

ಕರಡು ಮುಗಿದ ಮೇಲೆ ಹೀಗೆ ಪರೀಕ್ಷಿಸಿ ನೋಡಿ. ಮಗು ಯಾವ ವಿಶೇಷವೂ ಇಲ್ಲದ, ರಾತ್ರಿಯೆಲ್ಲ ಅಳುವ, ಮನೆಮಂದಿಯ ನಿದ್ದೆಗೆಡಿಸುವ ಕೂಸು ಎಂದು ತಿದ್ದಿ ಮತ್ತೆ ಓದಿ. ಅಜ್ಜಿಯ ಬದಲಾವಣೆ ಆಗಲೂ ನಿಂತರೆ ಕಳಿಸಿ, ಓದುತ್ತೇನೆ. ಬಿದ್ದರೆ ಕೊನೆಯ ಪುಟವನ್ನು ತಿದ್ದುತ್ತ ಕೂರಬೇಡಿ. ನಾಲ್ಕನೇ ದಿನದ ಕಿಟಕಿಯಿಂದ ಮತ್ತೆ ಬರೆಯಲು ಶುರುಮಾಡಿ.