ಸೊನ್ನೆ ರೇಟಿಗೆ ಯಾರೂ ಅಡಿಕೆ ಕೊಡಲ್ಲ

“ಭಾವ, ವಾರದ ಅಡಿಕೆ ರೇಟಿನ ಸರಾಸರಿ ಎಕ್ಸೆಲ್‌ನಲ್ಲಿ ತೀರಾ ಕಮ್ಮಿ ಬರ್ತಿದೆ. ಸೊನ್ನೆ, ಖಾಲಿ, NA ಎಲ್ಲ ಬಿಟ್ಟು ಲೆಕ್ಕ ಹಾಕೋದು ಹೇಗೆ?”

ತೀರ್ಥಹಳ್ಳಿ ಕಡೆಯ ನೆಂಟರಲ್ಲಿ ರೇಟು ಬರೆದಿಡುವವರೆಲ್ಲ ಕೊಯ್ಲು ಮುಗಿದ ಮೇಲೆ ಇದನ್ನೇ ಕೇಳುತ್ತಾರೆ. ಸುಲಭಕ್ಕೆಂದು ದುಂಡಗಿನ ಅಂಕಿ ಹಿಡಿಯುತ್ತೇನೆ. ರಾಶಿ ಅಡಿಕೆಗೆ ಕ್ವಿಂಟಾಲಿನ ರೇಟು, B2ರಿಂದ B8ರವರೆಗೆ: 48000, 0, 49000, NA, ಖಾಲಿ, 50000, 49000. ಸೊನ್ನೆ ಹಾಕಿದ ದಿನ ಮಂಡಿಗೆ ರಜೆ, NA ದಿನ ವ್ಯಾಪಾರವಾಗಿಲ್ಲ, ಖಾಲಿ ಇರುವುದು ಬರೆಯಲು ಮರೆತದ್ದು.

ಮಾಮೂಲಿ AVERAGE ಕೊಡುವುದು 39200. ಖಾಲಿ ಸೆಲ್ಲನ್ನೂ NA ಎಂಬ ಅಕ್ಷರವನ್ನೂ ಅದು ತಾನಾಗಿಯೇ ಬಿಡುತ್ತದೆ. ಬಿಡದಿರುವುದು ಸೊನ್ನೆಯನ್ನು ಮಾತ್ರ. ನಾಲ್ಕು ದಿನದ ಮೊತ್ತ 196000ನ್ನು ಐದರಿಂದ ಭಾಗಿಸಿದೆ, ಅಷ್ಟೇ. AVERAGEA ಹಾಕಿದರೆ ಇನ್ನೂ ಹದಗೆಡುತ್ತದೆ. ಅದಕ್ಕೆ NA ಕೂಡ ಸೊನ್ನೆಯೇ. ನಮಗೆ ಬೇಕಾದ್ದು ಇದು:

```
=AVERAGEIF(B2:B8,">0")
```

ಉತ್ತರ 49000. "<>0" ಎಂದು ಬರೆದರೂ ಇಲ್ಲಿ ಅದೇ ಬರುತ್ತದೆ. ಆದರೆ ಬೇರೆ ಹಾಳೆಯಿಂದ VLOOKUPನಲ್ಲಿ ರೇಟು ಎಳೆದಿದ್ದರೆ, ಸಿಗದ ದಿನಕ್ಕೆ #N/A ಕೂತಿರುತ್ತದೆ. ಅದು ಅಕ್ಷರವಲ್ಲ, ದೋಷ. "<>0" ಅದನ್ನೂ ಒಳಗೆ ಸೇರಿಸಿಕೊಂಡು ಉತ್ತರವನ್ನೇ #N/A ಮಾಡುತ್ತದೆ. ">0" ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತದೆ. ರೇಟು ಋಣಾತ್ಮಕವಾಗುವ ಪ್ರಶ್ನೆಯೇ ಇಲ್ಲದಿರುವಾಗ ನಾನು ">0" ಬಿಟ್ಟು ಬೇರೆ ಬರೆಯುವುದಿಲ್ಲ.

ನನ್ನನ್ನು ಒಮ್ಮೆ ಚೆನ್ನಾಗಿ ಸತಾಯಿಸಿದ್ದು ಸೊನ್ನೆಯಲ್ಲ, “50000 ರೂ” ಎಂದು ಟೈಪಿಸಿದ್ದ ಒಂದು ಸೆಲ್. “ರೂ” ಸೇರಿದ್ದಕ್ಕೆ ಅದು ಅಕ್ಷರವಾಗಿಬಿಟ್ಟಿತು. ಸೂತ್ರ ಗೊಣಗಲಿಲ್ಲ, ಉಳಿದ ಮೂರರ ಸರಾಸರಿ 48666.67 ಕೊಟ್ಟು ಸುಮ್ಮನಾಯಿತು. ಆ ಅಂಕಿ ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನು ಹಿಡಿಯಲು ಪಕ್ಕದಲ್ಲಿ =COUNT(B2:B8) ಹಾಕಿ. ಅದು ನಿಜವಾದ ಅಂಕಿಗಳನ್ನು ಮಾತ್ರ ಎಣಿಸುತ್ತದೆ. ಸೊನ್ನೆಯೂ ಸೇರಿ ಐದು ಬರಬೇಕಾದಲ್ಲಿ ನಾಲ್ಕು ಬಂದರೆ, ಎಡಕ್ಕೆ ಅಂಟಿಕೊಂಡ ಅಂಕಿ ಎಲ್ಲಿದೆ ಹುಡುಕಿ. ಅಂಕಿ ತಾನಾಗಿ ಬಲಕ್ಕೆ ಕೂರುತ್ತದೆ, ಅಕ್ಷರ ಎಡಕ್ಕೆ.

ವಾರವಿಡೀ ವ್ಯಾಪಾರವೇ ಇಲ್ಲದಿದ್ದರೆ #DIV/0! ಕಾಣುತ್ತದೆ. ಅದನ್ನು ಮುಚ್ಚಲು IFERROR ಬಳಸಿ, ಆದರೆ ಜಾಗಕ್ಕೆ 0 ಹಾಕಬೇಡಿ, "NA" ಹಾಕಿ. ಇಲ್ಲವಾದರೆ ತಿಂಗಳ ಲೆಕ್ಕದಲ್ಲಿ ಅದೇ ಸೊನ್ನೆ ಮತ್ತೆ ಎದುರಾಗುತ್ತದೆ.

ಇದೇ ಸೂತ್ರವನ್ನು ನನ್ನ ತಮ್ಮ ಅಂಗಳದ ಮಳೆಮಾಪಕದ ಹಾಳೆಗೂ ಅಂಟಿಸಿದ್ದ. ಜನವರಿಯಲ್ಲಿ ಒಂದೇ ದಿನ 12 ಮಿ.ಮೀ. ಸುರಿದದ್ದಕ್ಕೆ ದಿನದ ಸರಾಸರಿಯೂ 12 ಬಂತು. ಮಳೆ ಬಾರದ ದಿನದ 0 ನಿಜವಾದ ಅಳತೆ. ಅಳೆಯಲು ಮರೆತ ದಿನ ಮಾತ್ರ NA. ಅಲ್ಲಿ ಬೇಕಾದ್ದು ಮಾಮೂಲಿ AVERAGE.